ಪಾಲುದಾರಿಕೆ ಲೆಕ್ಕ: ಬಂಡವಾಳದ ಬಡ್ಡಿ, ಹಿಂತೆಗೆತ, ಲಾಭದ ಪಾಲು – ಯಾವುದರ ನಂತರ ಯಾವುದು

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ವ್ಯಾಪಾರದ ಪಾಲುದಾರಿಕೆ ಪುಸ್ತಕಗಳಲ್ಲಿ ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ಒಂದೇ ಬಗೆಯ ತಪ್ಪು ಕಾಣಿಸುತ್ತದೆ. ಖರೀದಿ, ಮಾರಾಟ, ಹಮಾಲಿ, ಲಾರಿ ಬಾಡಿಗೆ ಎಲ್ಲವೂ ಸರಿಯಾಗಿ ಬರೆದಿರುತ್ತದೆ. ನಿವ್ವಳ ಲಾಭವೂ ಸರಿಯಾಗಿಯೇ ಬಂದಿರುತ್ತದೆ. ಆ ಲಾಭವನ್ನು ಪಾಲುದಾರರಿಗೆ ಹಂಚುವಾಗ ಮಾತ್ರ ಲೆಕ್ಕ ಕೆಡುತ್ತದೆ. ಬಡ್ಡಿಯ ಸೂತ್ರ ಗೊತ್ತಿಲ್ಲದೆ ಆಗುವ ತಪ್ಪು ಇದರಲ್ಲಿ ಕಡಿಮೆ. ಯಾವ ಮೊತ್ತ ಯಾವ ಖಾತೆಗೆ, ಯಾವುದರ ನಂತರ ಹೋಗಬೇಕು ಎಂಬ ಕ್ರಮ ತಪ್ಪುವುದೇ ಹೆಚ್ಚು. ಆದ್ದರಿಂದ ಇಲ್ಲಿ ಒಂದೇ ಅಂಗಡಿಯ ಒಂದು ವರ್ಷದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸುತ್ತೇನೆ.

ಉದಾಹರಣೆಗಾಗಿ ಕಟ್ಟಿಕೊಂಡ ಈ ಅಂಗಡಿ ಗಂಗಾವತಿಯಲ್ಲಿದೆ; ಪಾಲುದಾರರು ಇಬ್ಬರು, ಸೋದರಮಾವ ಮತ್ತು ಅಳಿಯ. ವರ್ಷ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ. ಮಾವನ ಬಂಡವಾಳ 12,00,000 ರೂ., ಅಳಿಯನದು 8,00,000 ರೂ. ದಿನದ ವ್ಯಾಪಾರ ನೋಡಿಕೊಳ್ಳುವವನು ಅಳಿಯ.

## ಹಂತ 1: ಲೆಕ್ಕಕ್ಕೆ ಕೂರುವ ಮೊದಲು ಮುಂದಿಟ್ಟುಕೊಳ್ಳಬೇಕಾದವು

ಪಾಲುದಾರಿಕೆ ಪತ್ರ, ಹಿಂದಿನ ವರ್ಷದ ಅಢಾವೆ ಪತ್ರಿಕೆ, ಕಿರ್ದಿ, ಬ್ಯಾಂಕ್ ಪಾಸ್‌ಬುಕ್ ಮತ್ತು ಅಂಗಡಿಯಿಂದ ಮನೆಗೆ ಹೋದ ಸರಕಿನ ಪಟ್ಟಿ, ಇವಿಷ್ಟು ಬೇಕು. ಕೊನೆಯದನ್ನು ಬಹಳ ಜನ ತರುವುದಿಲ್ಲ. ಅದರಿಂದಾಗುವ ಹಾನಿಯನ್ನು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಪತ್ರವನ್ನು ಓದುವಾಗ ಐದು ವಿಷಯಗಳನ್ನು ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು: ಲಾಭ ಹಂಚಿಕೆಯ ಪ್ರಮಾಣ, ಬಂಡವಾಳದ ಮೇಲಿನ ಬಡ್ಡಿಯ ದರ, ಹಿಂತೆಗೆತದ ಮೇಲಿನ ಬಡ್ಡಿಯ ದರ, ಪಾಲುದಾರನ ಸಂಬಳ, ಮತ್ತು ಪಾಲುದಾರ ಕೊಟ್ಟ ಸಾಲದ ಬಡ್ಡಿ. ನಮ್ಮ ಅಂಗಡಿಯ ಪತ್ರದ ಪ್ರಕಾರ ಮಾವ ಮತ್ತು ಅಳಿಯನ ಪಾಲು 3:2, ಬಂಡವಾಳಕ್ಕೆ ವರ್ಷಕ್ಕೆ ಶೇ. 10 ಬಡ್ಡಿ, ಹಿಂತೆಗೆತಕ್ಕೆ ವರ್ಷಕ್ಕೆ ಶೇ. 12 ಬಡ್ಡಿ, ಅಳಿಯನಿಗೆ ವರ್ಷಕ್ಕೆ 1,20,000 ರೂ. ಸಂಬಳ. ಸಾಲದ ಬಡ್ಡಿಯ ಬಗ್ಗೆ ಪತ್ರದಲ್ಲಿ ಏನೂ ಇಲ್ಲ.

ಪತ್ರ ಮೌನವಾಗಿರುವ ಕಡೆ ಮನಸ್ಸಿಗೆ ತೋಚಿದ ದರ ಹಾಕುವಂತಿಲ್ಲ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 13ನೇ ಕಲಂ ಇಂಥ ಸಂದರ್ಭಕ್ಕೆಂದೇ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಎರಡೂ ಸಮಪಾಲು, ಸಂಬಳ ಇಲ್ಲ, ಬಂಡವಾಳಕ್ಕೆ ಬಡ್ಡಿ ಇಲ್ಲ, ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ಪಾಲುದಾರ ಸಂಸ್ಥೆಗೆ ಮುಂಗಡವಾಗಿ ಕೊಟ್ಟ ಹಣಕ್ಕೆ ಮಾತ್ರ ವರ್ಷಕ್ಕೆ ಶೇ. 6 ಬಡ್ಡಿ. ಹಿಂತೆಗೆತಕ್ಕೂ ಪತ್ರದಲ್ಲಿ ಬರೆದಿದ್ದರಷ್ಟೇ ಬಡ್ಡಿ.

ಇಲ್ಲಿಯೇ ಮೊದಲ ದೊಡ್ಡ ತಪ್ಪು ಹುಟ್ಟುತ್ತದೆ. ಪತ್ರದಲ್ಲಿ ಪ್ರಮಾಣ ಬರೆದಿಲ್ಲದಿದ್ದರೆ ‘ಯಾರ ದುಡ್ಡು ಎಷ್ಟೋ ಅವರ ಪಾಲು ಅಷ್ಟು’ ಎಂದು ಬಂಡವಾಳದ ಪ್ರಮಾಣದಲ್ಲಿ ಹಂಚುವವರಿದ್ದಾರೆ. ಅದು ನ್ಯಾಯವೆಂದು ತೋರಬಹುದು, ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಒಬ್ಬ ಹತ್ತು ಲಕ್ಷ, ಇನ್ನೊಬ್ಬ ಒಂದು ಲಕ್ಷ ಹಾಕಿದ್ದರೂ ಪತ್ರ ಮೌನವಾಗಿದ್ದರೆ ಪಾಲು ಅರ್ಧರ್ಧವೇ. ಅದೇ ರೀತಿ, ವರ್ಷದ ನಡುವೆ ಬಂಡವಾಳ ಹೆಚ್ಚು ಕಡಿಮೆಯಾದರೆ ಲಾಭದ ಪ್ರಮಾಣ ತಾನಾಗಿಯೇ ಬದಲಾಗುವುದಿಲ್ಲ. ನಮ್ಮ ಅಂಗಡಿಯಲ್ಲಿ ಆರಂಭದ ಬಂಡವಾಳ 12 ಮತ್ತು 8 ಲಕ್ಷ ಇದ್ದು, ಪಾಲು 3:2 ಆಗಿರುವುದು ಕಾಕತಾಳೀಯ. ವರ್ಷಾಂತ್ಯಕ್ಕೆ ಬಂಡವಾಳ 15 ಮತ್ತು 7 ಲಕ್ಷ ಆಗುತ್ತದೆ, ಪಾಲು ಮಾತ್ರ 3:2 ಆಗಿಯೇ ಉಳಿಯುತ್ತದೆ. ಹೆಚ್ಚಿಗೆ ಹಾಕಿದ ಹಣಕ್ಕೆ ಮಾವನಿಗೆ ಸಿಗುವ ಪ್ರತಿಫಲ ಬಡ್ಡಿಯೇ ಹೊರತು ಹೆಚ್ಚಿನ ಪಾಲಲ್ಲ.

## ಹಂತ 2: ಪಾಲುದಾರ ತಂದ ಹಣ ಬಂಡವಾಳವೋ ಸಾಲವೋ ಎಂದು ತೀರ್ಮಾನಿಸುವುದು

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರು ಭತ್ತ ಕಟಾವಿಗೆ ಬರುವ ಹೊತ್ತಿಗೆ ಖರೀದಿಗೆ ದುಡ್ಡು ಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮಾವ ಅಕ್ಟೋಬರ್ 1ರಂದು 3,00,000 ರೂ., ಡಿಸೆಂಬರ್ 1ರಂದು 2,00,000 ರೂ. ತಂದಿದ್ದಾರೆ. ಮೊದಲನೆಯದನ್ನು ಬಂಡವಾಳವೆಂದು, ಎರಡನೆಯದನ್ನು ಸುಗ್ಗಿ ಮುಗಿದ ಮೇಲೆ ವಾಪಸು ಪಡೆಯುವ ಸಾಲವೆಂದು ಇಬ್ಬರೂ ಸಹಿ ಹಾಕಿ ಬರೆದಿಟ್ಟಿದ್ದಾರೆ. ಹೀಗೆ ಬರೆದಿಡದಿದ್ದರೆ ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಇವೆರಡರ ಬಡ್ಡಿ ಬೇರೆ ಬೇರೆ ಕಡೆ ಹೋಗುತ್ತದೆ. ಸಾಲದ ಬಡ್ಡಿ ಸಂಸ್ಥೆಯ ಖರ್ಚು. ಲಾಭ ಬರಲಿ, ನಷ್ಟವಾಗಲಿ, ಅದನ್ನು ಲಾಭ ನಷ್ಟ ಖಾತೆಗೇ ಡೆಬಿಟ್ ಮಾಡಬೇಕು. ಬಂಡವಾಳದ ಬಡ್ಡಿ ಖರ್ಚಲ್ಲ, ಬಂದ ಲಾಭದ ಹಂಚಿಕೆ. ಅದು ಲಾಭ ನಷ್ಟ ಹಂಚಿಕೆ ಖಾತೆಗೆ ಹೋಗುತ್ತದೆ. ಪತ್ರದಲ್ಲಿ ಸಾಲದ ಬಡ್ಡಿ ಇಲ್ಲವಾದ್ದರಿಂದ ಶೇ. 6ರಂತೆ ನಾಲ್ಕು ತಿಂಗಳಿಗೆ 2,00,000 × 6% × 4/12 = 4,000 ರೂ. ಈ ಖರ್ಚನ್ನು ಕಳೆದ ಮೇಲೆ ನಿವ್ವಳ ಲಾಭ 6,00,000 ರೂ. ಎಂದು ಇಟ್ಟುಕೊಳ್ಳೋಣ. ಮುಂದಿನ ಎಲ್ಲ ಲೆಕ್ಕ ಈ ಆರು ಲಕ್ಷದಿಂದ ಆರಂಭವಾಗುತ್ತದೆ.

ಸಾಲದ ಬಡ್ಡಿಯನ್ನು ಮಾವನ ಸಾಲದ ಖಾತೆಗೆ ಜಮಾ ಮಾಡಬೇಕು. ಅದನ್ನು ಬಂಡವಾಳ ಖಾತೆಗೆ ಸೇರಿಸಿದರೆ ಮುಂದಿನ ವರ್ಷ ಆ ಬಡ್ಡಿಯ ಮೇಲೂ ಶೇ. 10 ಬಡ್ಡಿ ಬೆಳೆಯುತ್ತದೆ.

## ಹಂತ 3: ಬಂಡವಾಳದ ಮೇಲಿನ ಬಡ್ಡಿ

ಬಡ್ಡಿ ಹಾಕುವುದು ವರ್ಷದ ಆರಂಭದ ಬಂಡವಾಳಕ್ಕೆ. ನಡುವೆ ಬದಲಾವಣೆಯಾದರೆ ಪ್ರತಿ ಮೊತ್ತ ಎಷ್ಟು ತಿಂಗಳು ಸಂಸ್ಥೆಯಲ್ಲಿತ್ತೋ ಅಷ್ಟು ತಿಂಗಳಿಗೆ. ಮಾರ್ಚ್ 31ರ ಶಿಲ್ಕಿಗೆ ಬಡ್ಡಿ ಹಾಕುವುದು ಬಹಳ ಸಾಮಾನ್ಯವಾದ ತಪ್ಪು.

ಮಾವನ 12,00,000 ರೂ. ಇಡೀ ವರ್ಷ ಇತ್ತು, ಅದಕ್ಕೆ 1,20,000 ರೂ. ಅಕ್ಟೋಬರಿನಲ್ಲಿ ತಂದ 3,00,000 ರೂ. ಆರು ತಿಂಗಳು ಇತ್ತು, ಅದಕ್ಕೆ 15,000 ರೂ. ಒಟ್ಟು 1,35,000 ರೂ.

ಅಳಿಯ ಜನವರಿ 1ರಂದು ಮನೆ ಕಟ್ಟುವ ಕೆಲಸಕ್ಕೆ 1,00,000 ರೂ. ತೆಗೆದಿದ್ದಾನೆ. ಇದನ್ನು ಹಿಂತೆಗೆತವೆಂದು ಬರೆಯಬೇಕೋ ಬಂಡವಾಳದ ಕಡಿತವೆಂದು ಬರೆಯಬೇಕೋ? ಬರಲಿರುವ ಲಾಭದ ಭರವಸೆಯ ಮೇಲೆ, ಮನೆ ಖರ್ಚಿಗೆಂದು ಆಗಾಗ ಎತ್ತಿದ್ದು ಹಿಂತೆಗೆತ. ಹಾಕಿದ ಬಂಡವಾಳದಿಂದಲೇ ಒಂದು ಭಾಗವನ್ನು ಶಾಶ್ವತವಾಗಿ ವಾಪಸು ಪಡೆದದ್ದು ಬಂಡವಾಳದ ಕಡಿತ. ಹಿಂತೆಗೆತವಾದರೆ ಬಂಡವಾಳ ಹಾಗೆಯೇ ಉಳಿದು, ಎತ್ತಿದ ಹಣಕ್ಕೆ ಬಡ್ಡಿ ಕೊಡಬೇಕು. ಕಡಿತವಾದರೆ ಅಂದಿನಿಂದ ಬಂಡವಾಳದ ಬಡ್ಡಿ ಕಡಿಮೆಯಾಗುತ್ತದೆ, ಬೇರೆ ಬಡ್ಡಿ ಇಲ್ಲ. ಒಂದೇ ಮೊತ್ತಕ್ಕೆ ಎರಡನ್ನೂ ಹಾಕಿದರೆ ಪಾಲುದಾರನಿಗೆ ಎರಡು ಸಲ ಹೊಡೆತ ಬೀಳುತ್ತದೆ. ಇಲ್ಲಿ ಇಬ್ಬರೂ ಅದನ್ನು ಕಡಿತವೆಂದು ಒಪ್ಪಿದ್ದಾರೆ. ಆದ್ದರಿಂದ ಒಂಬತ್ತು ತಿಂಗಳಿಗೆ 8,00,000 ರೂ. ಮೇಲೆ 60,000, ಮೂರು ತಿಂಗಳಿಗೆ 7,00,000 ರೂ. ಮೇಲೆ 17,500, ಒಟ್ಟು 77,500 ರೂ. ಇಬ್ಬರದೂ ಸೇರಿ 2,12,500 ರೂ.

ಆರಂಭದ ಬಂಡವಾಳ ಸಿಗದಿದ್ದಾಗ ಹಿಂದಕ್ಕೆ ನಡೆದು ಅದನ್ನು ಹುಡುಕಬೇಕಾಗುತ್ತದೆ. ಬಂಡವಾಳ, ಹಿಂತೆಗೆತ, ಲಾಭ ಎಲ್ಲವನ್ನೂ ಒಂದೇ ಖಾತೆಯಲ್ಲಿ ಬರೆಯುವ ಅಂಗಡಿಗಳಲ್ಲಿ ಈ ಪರಿಸ್ಥಿತಿ ಬರುತ್ತದೆ. ನಿಯಮ ಸರಳ: ವರ್ಷದಲ್ಲಿ ಜಮಾ ಆದದ್ದನ್ನೆಲ್ಲ ಕಳೆಯಬೇಕು, ಖರ್ಚು ಬಿದ್ದದ್ದನ್ನೆಲ್ಲ ಕೂಡಿಸಬೇಕು. ಲಾಭದ ಪಾಲನ್ನು ಆಗಲೇ ಜಮಾ ಮಾಡಿದೆಯೋ ಇಲ್ಲವೋ ಎಂಬುದನ್ನು ಖಾತೆ ತೆರೆದು ನೋಡಿಯೇ ಕಳೆಯಬೇಕು; ಜಮಾ ಆಗದಿರುವ ಲಾಭವನ್ನು ಕಳೆದರೆ ಆರಂಭದ ಬಂಡವಾಳ ಇಲ್ಲದಷ್ಟು ಕಡಿಮೆಯಾಗಿ ಕಾಣುತ್ತದೆ.

ಈ ತೊಂದರೆಯೇ ಬೇಡವೆಂದರೆ ಪ್ರತಿ ಪಾಲುದಾರನಿಗೂ ಎರಡು ಖಾತೆ ಇಡುವುದು ಒಳ್ಳೆಯದು. ಬಂಡವಾಳ ಖಾತೆಯಲ್ಲಿ ಬಂಡವಾಳ ತಂದದ್ದು, ತೆಗೆದದ್ದು ಮಾತ್ರ. ಚಾಲ್ತಿ ಖಾತೆಯಲ್ಲಿ ಬಡ್ಡಿ, ಸಂಬಳ, ಹಿಂತೆಗೆತ, ಲಾಭದ ಪಾಲು. ಮಾವ ಅಳಿಯನಂಥ ಸಂಬಂಧಿಕರ ಅಂಗಡಿಯಲ್ಲಿ ಇದು ಇನ್ನೂ ಅಗತ್ಯ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಮನೆಯ ದುಡ್ಡೂ ಅಂಗಡಿಯ ದುಡ್ಡೂ ಬೇಗ ಬೆರೆಯುತ್ತವೆ. ನಮ್ಮ ಉದಾಹರಣೆಯಲ್ಲಿ ಎರಡು ಖಾತೆಗಳಿವೆ.

## ಹಂತ 4: ಹಿಂತೆಗೆತವನ್ನು ತಾರೀಖಿನ ಪ್ರಕಾರ ಜೋಡಿಸಿ ಬಡ್ಡಿ ಹಾಕುವುದು

ಅತಿ ಹೆಚ್ಚು ಜನ ಎಡವುವ ಹಂತ ಇದು. ಬಡ್ಡಿ ಹಾಕುವ ಮೊದಲು ಪ್ರತಿ ಪಾಲುದಾರ ಎತ್ತಿದ ಮೊತ್ತಗಳ ಪಟ್ಟಿ ಮಾಡಿ, ಒಂದೊಂದರ ಮುಂದೆಯೂ ತಾರೀಖು ಬರೆಯಬೇಕು.

ಪಟ್ಟಿಯಲ್ಲಿ ನಗದು ಮಾತ್ರ ಇದ್ದರೆ ಸಾಲದು. ಅಂಗಡಿಯ ಬ್ಯಾಂಕ್ ಖಾತೆಯಿಂದ ತುಂಬಿದ ಮಕ್ಕಳ ಶಾಲೆಯ ಫೀಸು, ಕಟ್ಟಿದ ಮನೆಯ ಕರೆಂಟ್ ಬಿಲ್ಲು, ಅಂಗಡಿಯಿಂದ ಮನೆಗೆ ಹೋದ ಅಕ್ಕಿ, ಎಲ್ಲವೂ ಹಿಂತೆಗೆತವೇ. ಅಳಿಯ ಫೆಬ್ರವರಿ 1ರಂದು ಮನೆಯ ಮದುವೆಗೆಂದು 25 ಕೆಜಿಯ 20 ಚೀಲ ಸೋನಾ ಮಸೂರಿ ಒಯ್ದಿದ್ದಾನೆ. ಚೀಲಕ್ಕೆ 1,200 ರೂ. ಖರೀದಿ ಬೆಲೆಯಂತೆ 24,000 ರೂ. ಇದನ್ನು ಮಾರುವ ಬೆಲೆಯಲ್ಲಿ ಬರೆಯಬಾರದು, ಖರೀದಿ ಬೆಲೆಯಲ್ಲಿ ಬರೆಯಬೇಕು: ಅಳಿಯನ ಹಿಂತೆಗೆತ ಖಾತೆ ಡೆಬಿಟ್, ಖರೀದಿ ಖಾತೆ ಕ್ರೆಡಿಟ್.

ಬರೆಯದೆ ಬಿಟ್ಟರೆ ಏನಾಗುತ್ತದೆ? ಆ ಚೀಲಗಳು ಮಾರಾಟದಲ್ಲೂ ಇರುವುದಿಲ್ಲ, ಗೋದಾಮಿನ ದಾಸ್ತಾನಿನಲ್ಲೂ ಇರುವುದಿಲ್ಲ, ಆದರೆ ಅವುಗಳ ಬೆಲೆ ಖರೀದಿಯಲ್ಲಿ ಉಳಿದಿರುತ್ತದೆ. ಹಾಗಾಗಿ ಲಾಭ 24,000 ರೂ. ಕಡಿಮೆ ಬರುತ್ತದೆ. 3:2ರ ಪ್ರಕಾರ ಅದರಲ್ಲಿ 14,400 ರೂ. ಮಾವನ ಪಾಲಿನಿಂದ ಹೋಗುತ್ತದೆ. ಅಂದರೆ ಅಳಿಯನ ಮನೆಯ ಮದುವೆಯ ಅಕ್ಕಿಗೆ ಮಾವನೇ ಹೆಚ್ಚು ಹಣ ಕೊಟ್ಟಂತಾಯಿತು, ಅದೂ ಅವರಿಗೆ ತಿಳಿಯದಂತೆ. ದಾಸ್ತಾನು ಎಣಿಸಿದಾಗ ಚೀಲಗಳು ಪುಸ್ತಕಕ್ಕಿಂತ ಕಡಿಮೆ ಬಂದರೆ ಇಲಿ, ತೇವಾಂಶ ಎಂದು ಬರೆದು ಮುಗಿಸುವ ಮೊದಲು ಮನೆಗೆ ಹೋದ ಚೀಲಗಳನ್ನು ಕೇಳಬೇಕು.

### ಸಮ ಮೊತ್ತ, ಸಮ ಅಂತರ: ಸರಾಸರಿ ಅವಧಿ

ಮಾವ ಪ್ರತಿ ತಿಂಗಳ 1ನೇ ತಾರೀಖು ತಪ್ಪದೆ 10,000 ರೂ. ಎತ್ತಿದ್ದಾರೆ, ಒಟ್ಟು 1,20,000 ರೂ. ಏಪ್ರಿಲ್‌ನ ಕಂತಿಗೆ 12 ತಿಂಗಳ ಬಡ್ಡಿ, ಮಾರ್ಚ್‌ನ ಕಂತಿಗೆ 1 ತಿಂಗಳ ಬಡ್ಡಿ; ಇವೆರಡರ ಸರಾಸರಿ (12 + 1) ÷ 2 = 6.5 ತಿಂಗಳು. ಹನ್ನೆರಡು ಕಂತುಗಳಿಗೂ ಬೇರೆ ಬೇರೆ ಬಡ್ಡಿ ಹಾಕಿ ಕೂಡಿಸಿದರೂ ಇದೇ ಉತ್ತರ ಬರುತ್ತದೆ:

1,20,000 × 12% × 6.5/12 = 7,800 ರೂ.

ತಿಂಗಳ ಕೊನೆಗೆ ಎತ್ತಿದ್ದರೆ ಮೊದಲ ಕಂತಿಗೆ 11 ತಿಂಗಳು, ಕೊನೆಯ ಕಂತಿಗೆ ಸೊನ್ನೆ, ಆದ್ದರಿಂದ ಸರಾಸರಿ 5.5. ತಿಂಗಳ ನಡುವೆ ಎತ್ತಿದ್ದರೆ 6. ಮೂರು ತಿಂಗಳಿಗೊಮ್ಮೆ, ಅವಧಿಯ ಆರಂಭದಲ್ಲಿ ಎತ್ತಿದ್ದರೆ 7.5, ಕೊನೆಯಲ್ಲಿ ಎತ್ತಿದ್ದರೆ 4.5. ಈ ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಮೊದಲ ಕಂತಿನ ತಿಂಗಳು, ಕೊನೆಯ ಕಂತಿನ ತಿಂಗಳು ಕೂಡಿಸಿ ಎರಡರಿಂದ ಭಾಗಿಸುವುದು ಕಲಿತರೆ ಅಂಗಡಿ ವರ್ಷದ ನಡುವೆ ಆರಂಭವಾಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಆದರೆ ಮೊತ್ತವಾಗಲಿ ಅಂತರವಾಗಲಿ ಒಂದು ತಿಂಗಳು ಏರುಪೇರಾದರೂ ಈ ಹತ್ತಿರದ ದಾರಿಯನ್ನು ಬಿಡಬೇಕು.

### ಬೇರೆ ಬೇರೆ ಮೊತ್ತ, ಬೇರೆ ಬೇರೆ ತಾರೀಖು: ಗುಣಲಬ್ಧ ವಿಧಾನ

ಅಳಿಯ ಜೂನ್ 1ರಂದು 40,000 ರೂ., ಅಕ್ಟೋಬರ್ 1ರಂದು 60,000 ರೂ. ನಗದು ಎತ್ತಿದ್ದಾನೆ, ಫೆಬ್ರವರಿ 1ರ ಅಕ್ಕಿ 24,000 ರೂ. ಪ್ರತಿ ಮೊತ್ತವನ್ನೂ ಮಾರ್ಚ್ 31ರವರೆಗಿನ ತಿಂಗಳುಗಳಿಂದ ಗುಣಿಸಬೇಕು.

| ತಾರೀಖು | ಮೊತ್ತ (ರೂ.) | ತಿಂಗಳು | ಗುಣಲಬ್ಧ |
|---|---|---|---|
| ಜೂನ್ 1 | 40,000 | 10 | 4,00,000 |
| ಅಕ್ಟೋಬರ್ 1 | 60,000 | 6 | 3,60,000 |
| ಫೆಬ್ರವರಿ 1 | 24,000 | 2 | 48,000 |
| ಒಟ್ಟು | 1,24,000 | | 8,08,000 |

ಗುಣಲಬ್ಧದ ಮೊತ್ತಕ್ಕೆ ಒಂದು ತಿಂಗಳ ಬಡ್ಡಿ ಹಾಕಿದರೆ ಮುಗಿಯಿತು: 8,08,000 × 12% × 1/12 = 8,080 ರೂ.

ನಮ್ಮ ಕಡೆ ಶೇ. 12ರ ಬಡ್ಡಿಯನ್ನು ‘ಒಂದು ರೂಪಾಯಿ ಬಡ್ಡಿ’ ಎನ್ನುತ್ತಾರೆ, ಅಂದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಪತ್ರದಲ್ಲಿ ವಾರ್ಷಿಕ ದರ, ಬಾಯಿಮಾತಿನಲ್ಲಿ ತಿಂಗಳ ದರ ಇದ್ದಾಗ 12ರಿಂದ ಭಾಗಿಸುವುದನ್ನು ಮರೆತು ಗುಣಲಬ್ಧಕ್ಕೆ ನೇರವಾಗಿ 12% ಹಾಕಿದರೆ ಬಡ್ಡಿ 96,960 ರೂ. ಬರುತ್ತದೆ. ಒಟ್ಟು ಎತ್ತಿದ್ದೇ 1,24,000 ರೂ. ಇರುವಾಗ ಒಂದು ವರ್ಷದ ಬಡ್ಡಿ ಅದರ ಶೇ. 12ನ್ನು, ಅಂದರೆ 14,880 ರೂ.ಯನ್ನು ಮೀರಲು ಸಾಧ್ಯವೇ ಇಲ್ಲ. ಹಿಂತೆಗೆತದ ಬಡ್ಡಿ ಬಂದ ತಕ್ಷಣ ಈ ಮಿತಿಯೊಂದಿಗೆ ಹೋಲಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ತಾರೀಖುಗಳು ತಿಂಗಳ ನಡುವೆ ಚದುರಿದ್ದರೆ ದಿನಗಳ ಲೆಕ್ಕ ಹಿಡಿಯುವುದು ಸುಲಭ. ಎಕ್ಸೆಲ್‌ನಲ್ಲಿ A2ರಲ್ಲಿ ತಾರೀಖು, B2ರಲ್ಲಿ ಮೊತ್ತ ಇದ್ದರೆ ಸೂತ್ರ ಹೀಗಿರುತ್ತದೆ:

```
=B2*12%*(DATE(2025,3,31)-A2)/365
```

ಇದರಿಂದ ಜೂನ್ 1ರ 40,000 ರೂಪಾಯಿಗೆ 303 ದಿನದಂತೆ ಸುಮಾರು 3,985 ರೂ. ಬರುತ್ತದೆ, ತಿಂಗಳ ಲೆಕ್ಕದಲ್ಲಿ 4,000 ರೂ. ಎರಡೂ ನಡೆಯುತ್ತವೆ, ಆದರೆ ಒಬ್ಬ ಪಾಲುದಾರನಿಗೆ ದಿನ, ಇನ್ನೊಬ್ಬನಿಗೆ ತಿಂಗಳು ಎಂದು ಬೆರೆಸಬಾರದು.

ಪುಸ್ತಕದಲ್ಲಿ ತಾರೀಖೇ ಇಲ್ಲದೆ ಒಟ್ಟು ಮೊತ್ತ ಮಾತ್ರ ಇದ್ದು, ದರ ‘ವರ್ಷಕ್ಕೆ’ ಎಂದಿದ್ದರೆ ಸರಾಸರಿ ಆರು ತಿಂಗಳ ಬಡ್ಡಿ ಹಾಕುವುದು ರೂಢಿ.

## ಹಂತ 5: ಲಾಭ ನಷ್ಟ ಹಂಚಿಕೆ ಖಾತೆ

ಈಗ ಅಂಕಿಗಳೆಲ್ಲ ಸಿದ್ಧವಾಗಿವೆ. ಈ ಖಾತೆಯಲ್ಲಿ ಬದಿ ತಪ್ಪುವುದು ಸಾಮಾನ್ಯವಾದ್ದರಿಂದ ಕಾರಣ ತಿಳಿದಿರಬೇಕು. ಬಂಡವಾಳದ ಬಡ್ಡಿಯನ್ನು ಸಂಸ್ಥೆ ಪಾಲುದಾರನಿಗೆ ಕೊಡುತ್ತದೆ, ಆದ್ದರಿಂದ ಲಾಭದಿಂದ ಕಳೆಯುತ್ತದೆ. ಹಿಂತೆಗೆತದ ಬಡ್ಡಿಯನ್ನು ಪಾಲುದಾರ ಸಂಸ್ಥೆಗೆ ಕೊಡುತ್ತಾನೆ, ಆದ್ದರಿಂದ ಲಾಭಕ್ಕೆ ಕೂಡುತ್ತದೆ. ಹಿಂತೆಗೆತದ ಅಸಲು ಮೊತ್ತ ಈ ಖಾತೆಗೆ ಬರುವುದೇ ಇಲ್ಲ. ಅದು ನೇರವಾಗಿ ಚಾಲ್ತಿ ಖಾತೆಗೆ ಹೋಗುತ್ತದೆ.

| ವಿವರ | ರೂ. |
|---|---|
| ನಿವ್ವಳ ಲಾಭ | 6,00,000 |
| ಕೂಡಿಸಿ: ಹಿಂತೆಗೆತದ ಬಡ್ಡಿ – ಮಾವ | 7,800 |
| ಕೂಡಿಸಿ: ಹಿಂತೆಗೆತದ ಬಡ್ಡಿ – ಅಳಿಯ | 8,080 |
| ಹಂಚಲು ಇರುವ ಮೊತ್ತ | 6,15,880 |
| ಕಳೆಯಿರಿ: ಬಂಡವಾಳದ ಬಡ್ಡಿ – ಮಾವ | 1,35,000 |
| ಕಳೆಯಿರಿ: ಬಂಡವಾಳದ ಬಡ್ಡಿ – ಅಳಿಯ | 77,500 |
| ಕಳೆಯಿರಿ: ಅಳಿಯನ ಸಂಬಳ | 1,20,000 |
| ಉಳಿದ ಲಾಭ | 2,83,380 |

3:2 ಎಂಬ ಪ್ರಮಾಣ ಅನ್ವಯಿಸುವುದು ಈ 2,83,380 ರೂಪಾಯಿಗೆ ಮಾತ್ರ. ಮಾವನಿಗೆ 1,70,028 ರೂ., ಅಳಿಯನಿಗೆ 1,13,352 ರೂ. ಆರು ಲಕ್ಷವನ್ನೇ ಮೊದಲು 3:2ರಲ್ಲಿ ಹಂಚಿ, ಆಮೇಲೆ ಬಡ್ಡಿಯನ್ನು ಅದರ ಮೇಲೆ ಕೊಡುವವರು ಇದ್ದಾರೆ; ಆಗ ಹಂಚಿದ ಮೊತ್ತ ಬಂದ ಲಾಭಕ್ಕಿಂತ ಹೆಚ್ಚಾಗಿ ಅಢಾವೆ ತಾಳೆಯಾಗುವುದಿಲ್ಲ.

## ಹಂತ 6: ಚಾಲ್ತಿ ಖಾತೆ ಮತ್ತು ಒಂದು ಸಾಲಿನ ತಾಳೆ

| ವಿವರ | ಮಾವ (ರೂ.) | ಅಳಿಯ (ರೂ.) |
|---|---|---|
| ಬಂಡವಾಳದ ಬಡ್ಡಿ (ಜಮಾ) | 1,35,000 | 77,500 |
| ಸಂಬಳ (ಜಮಾ) | – | 1,20,000 |
| ಲಾಭದ ಪಾಲು (ಜಮಾ) | 1,70,028 | 1,13,352 |
| ಹಿಂತೆಗೆತ (ಖರ್ಚು) | 1,20,000 | 1,24,000 |
| ಹಿಂತೆಗೆತದ ಬಡ್ಡಿ (ಖರ್ಚು) | 7,800 | 8,080 |
| ಉಳಿದ ಜಮಾ ಶಿಲ್ಕು | 1,77,228 | 1,78,772 |

ಇಬ್ಬರ ಶಿಲ್ಕು ಕೂಡಿಸಿದರೆ 3,56,000 ರೂ. ನಿವ್ವಳ ಲಾಭ 6,00,000ದಿಂದ ಇಬ್ಬರ ಒಟ್ಟು ಹಿಂತೆಗೆತ 2,44,000 ಕಳೆದರೂ 3,56,000 ರೂ. ಬಡ್ಡಿಗಳು, ಸಂಬಳ ಎಲ್ಲವೂ ಸಂಸ್ಥೆ ಮತ್ತು ಪಾಲುದಾರರ ನಡುವೆ ಅತ್ತಿತ್ತ ಓಡಾಡುವ ಅಂಕಿಗಳಾದ್ದರಿಂದ ಒಟ್ಟು ಮೊತ್ತವನ್ನು ಬದಲಿಸಲಾರವು. ಆರಂಭದ ಶಿಲ್ಕು ಇದ್ದರೆ ಅದನ್ನೂ ಸೇರಿಸಿ ಹೀಗೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಯಾವುದೋ ಮೊತ್ತ ಒಂದು ಕಡೆ ಬಿದ್ದು ಇನ್ನೊಂದು ಕಡೆ ಬಿದ್ದಿಲ್ಲ, ಇಲ್ಲವೇ ಬದಿ ತಪ್ಪಿದೆ. ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತ ಎಲ್ಲಿದೆ ಎಂದು ಹುಡುಕಿದರೆ ಬದಿ ತಪ್ಪಿದ ದಾಖಲೆ ಸಾಮಾನ್ಯವಾಗಿ ಸಿಗುತ್ತದೆ.

ಆದರೆ ಈ ತಾಳೆಗೆ ಒಂದು ಮಿತಿಯಿದೆ. ಬಡ್ಡಿಯ ಅವಧಿ ತಪ್ಪಾಗಿದ್ದರೆ ಅಥವಾ 3:2ರ ಬದಲು ಸಮಪಾಲು ಹಾಕಿದ್ದರೆ ಒಟ್ಟು ಮೊತ್ತ ಸರಿಯಾಗಿಯೇ ಬರುತ್ತದೆ, ಇಬ್ಬರ ನಡುವಿನ ಹಂಚಿಕೆ ಮಾತ್ರ ತಪ್ಪಿರುತ್ತದೆ. ಅದನ್ನು ಪತ್ರದೊಂದಿಗೆ ಹೋಲಿಸಿಯೇ ನೋಡಬೇಕು.

## ಹಂತ 7: ಲಾಭ ಸಾಲದಿದ್ದರೆ

ಬೆಲೆ ಕುಸಿದ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ. 13ನೇ ಕಲಮಿನ ಪ್ರಕಾರ ಬಂಡವಾಳದ ಬಡ್ಡಿಯನ್ನು ಲಾಭದಿಂದ ಮಾತ್ರ ಕೊಡಬೇಕು. ನಷ್ಟವಾದರೆ ಬಂಡವಾಳಕ್ಕೆ ಬಡ್ಡಿ ಇಲ್ಲ, ನಷ್ಟವನ್ನು 3:2ರಲ್ಲಿ ಹೊರಬೇಕು. ಹಿಂತೆಗೆತದ ಬಡ್ಡಿಯನ್ನು ಮಾತ್ರ ಆಗಲೂ ವಸೂಲು ಮಾಡಬೇಕು, ಅದು ನಷ್ಟವನ್ನು ಅಷ್ಟು ಕಡಿಮೆ ಮಾಡುತ್ತದೆ.

ಲಾಭ ಇದೆ, ಆದರೆ ಬಡ್ಡಿಗೆ ಸಾಲದು ಎಂದಾದರೆ? ಸಂಬಳದ ಮಾತನ್ನು ಬದಿಗಿಟ್ಟು ನೋಡೋಣ. ನಿವ್ವಳ ಲಾಭ 90,370 ರೂ., ಹಿಂತೆಗೆತದ ಬಡ್ಡಿ 15,880 ರೂ. ಸೇರಿ ಹಂಚಲು 1,06,250 ರೂ. ಇದೆ. ಕೊಡಬೇಕಾದ ಬಂಡವಾಳದ ಬಡ್ಡಿ 2,12,500 ರೂ. ಇರುವುದು ಸರಿಯಾಗಿ ಅರ್ಧ, ಆದ್ದರಿಂದ ಇಬ್ಬರಿಗೂ ಅವರವರ ಬಡ್ಡಿಯ ಅರ್ಧ: ಮಾವನಿಗೆ 67,500 ರೂ., ಅಳಿಯನಿಗೆ 38,750 ರೂ. ಇಲ್ಲಿ ಹಂಚುವುದು ಬಡ್ಡಿಯ ಪ್ರಮಾಣದಲ್ಲಿ; 3:2ಕ್ಕೆ ಕೆಲಸವಿಲ್ಲ.

ಕೆಲವು ಪತ್ರಗಳಲ್ಲಿ ‘ಲಾಭ ನಷ್ಟ ಏನೇ ಇರಲಿ ಬಂಡವಾಳದ ಬಡ್ಡಿ ಕೊಡತಕ್ಕದ್ದು’ ಎಂದು ಬರೆದಿರುತ್ತಾರೆ. ಆಗ ಬಡ್ಡಿ ಖರ್ಚಾಗುತ್ತದೆ. ಮೇಲಿನ ಅಂಕಿಗಳಲ್ಲೇ ಪೂರ್ತಿ 2,12,500 ರೂ. ಕೊಟ್ಟರೆ 1,06,250 ರೂ. ಕೊರತೆ ಬೀಳುತ್ತದೆ, ಅದನ್ನು 3:2ರಂತೆ ಮಾವ 63,750, ಅಳಿಯ 42,500 ಹೊರುತ್ತಾರೆ. ಕೊನೆಗೆ ಮಾವನಿಗೆ ಉಳಿಯುವುದು 71,250 ರೂ., ಅಳಿಯನಿಗೆ 35,000 ರೂ. ಆ ಒಂದು ವಾಕ್ಯದಿಂದ ಅಳಿಯನ ಕೈಯಿಂದ 3,750 ರೂ. ಮಾವನ ಕಡೆ ಹೋಯಿತು. ಪತ್ರಕ್ಕೆ ಸಹಿ ಹಾಕುವಾಗ ಕಡಿಮೆ ಬಂಡವಾಳದ ಪಾಲುದಾರ ಈ ವಾಕ್ಯವನ್ನು ಎರಡು ಸಲ ಓದಬೇಕು.

## ಹಂತ 8: ಪುಸ್ತಕ ಮುಚ್ಚಿದ ಮೇಲೆ ಬಡ್ಡಿ ಬಿಟ್ಟುಹೋಗಿದೆ ಎಂದು ತಿಳಿದರೆ

ಹಳೆಯ ಪುಟಗಳನ್ನು ಹೊಡೆದುಹಾಕಿ ಹೊಸದಾಗಿ ಬರೆಯಬಾರದು. ಒಂದೇ ಹೊಂದಾಣಿಕೆ ದಾಖಲೆ ಸಾಕು. ಬಂಡವಾಳದ ಬಡ್ಡಿಯನ್ನು ಮರೆತು ಹಂಚಿದ್ದೇವೆ ಎಂದುಕೊಳ್ಳೋಣ. ಮಾವನಿಗೆ ಬರಬೇಕಿದ್ದ ಬಡ್ಡಿ 1,35,000 ರೂ., ಅಳಿಯನಿಗೆ 77,500 ರೂ. ಈ 2,12,500 ರೂ. ಬಡ್ಡಿಯಾಗಿ ಹೋಗದೆ ಲಾಭದ ರೂಪದಲ್ಲಿ 3:2ರಂತೆ ಹೋಗಿದೆ: ಮಾವನಿಗೆ 1,27,500 ರೂ., ಅಳಿಯನಿಗೆ 85,000 ರೂ. ಮಾವನಿಗೆ 7,500 ರೂ. ಕಡಿಮೆ, ಅಳಿಯನಿಗೆ ಅಷ್ಟೇ ಹೆಚ್ಚು ಸಿಕ್ಕಿದೆ. ಅಳಿಯನ ಚಾಲ್ತಿ ಖಾತೆಗೆ 7,500 ಡೆಬಿಟ್, ಮಾವನ ಚಾಲ್ತಿ ಖಾತೆಗೆ 7,500 ಕ್ರೆಡಿಟ್. ಒಬ್ಬರ ಹೆಚ್ಚು ಇನ್ನೊಬ್ಬರ ಕಡಿಮೆಗೆ ಸಮವಾಗದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ, ದಾಖಲೆ ಬರೆಯಬಾರದು.

ಹಿಂತೆಗೆತದ ಬಡ್ಡಿ ಬಿಟ್ಟುಹೋಗಿದ್ದರೆ ದಿಕ್ಕು ತಿರುಗುತ್ತದೆ. ಆಗ ಪ್ರತಿಯೊಬ್ಬರಿಂದ ವಸೂಲಾಗಬೇಕಿದ್ದ ಬಡ್ಡಿಯನ್ನು ಒಂದು ಕಡೆ, ಅದರಿಂದ ಹೆಚ್ಚಾಗುತ್ತಿದ್ದ ಲಾಭದ ಪಾಲನ್ನು ಇನ್ನೊಂದು ಕಡೆ ಇಟ್ಟು ವ್ಯತ್ಯಾಸ ತೆಗೆಯಬೇಕು.

## ತೆರಿಗೆಯ ಕಡೆಯಿಂದ ನೋಡಬೇಕಾದ ಎರಡು ಅಂಶ

ಆದಾಯ ತೆರಿಗೆಯ ಲೆಕ್ಕದಲ್ಲಿ ಪಾಲುದಾರರಿಗೆ ಕೊಟ್ಟ ಬಡ್ಡಿಯನ್ನು ಸಂಸ್ಥೆ ವರ್ಷಕ್ಕೆ ಶೇ. 12ರ ಸರಳ ಬಡ್ಡಿಯವರೆಗೆ ಮಾತ್ರ ಕಳೆಯಬಹುದು, ಅದೂ ಪಾಲುದಾರಿಕೆ ಪತ್ರದಲ್ಲಿ ಅದಕ್ಕೆ ಅವಕಾಶವಿದ್ದರೆ. ಪತ್ರದಲ್ಲಿ ಶೇ. 18 ಎಂದು ಬರೆದು ಇಬ್ಬರೂ ಒಪ್ಪಿದ್ದರೆ ಹಂಚಿಕೆ ಶೇ. 18ರಂತೆಯೇ ನಡೆಯುತ್ತದೆ, ಆದರೆ ಹೆಚ್ಚುವರಿ ಶೇ. 6ರ ಮೇಲೆ ಸಂಸ್ಥೆ ತೆರಿಗೆ ಕಟ್ಟಬೇಕಾಗುತ್ತದೆ.

ಎರಡನೆಯದು ಮೂಲದಲ್ಲಿ ತೆರಿಗೆ ಕಡಿತ, ಅಂದರೆ ಟಿಡಿಎಸ್. 2025ರ ಏಪ್ರಿಲ್ 1ರಿಂದ ಒಬ್ಬ ಪಾಲುದಾರನಿಗೆ ವರ್ಷದಲ್ಲಿ ಕೊಡುವ ಸಂಬಳ, ಬಡ್ಡಿ, ಬೋನಸ್, ಕಮಿಷನ್ ಒಟ್ಟು 20,000 ರೂ. ಮೀರಿದರೆ ಸಂಸ್ಥೆ ಶೇ. 10 ಕಡಿತ ಮಾಡಬೇಕು. ನಮ್ಮ ಉದಾಹರಣೆಯ ವರ್ಷಕ್ಕೆ ಇದು ಬರುವುದಿಲ್ಲ, ಅದರ ಮುಂದಿನ ವರ್ಷದಿಂದ ಬರುತ್ತದೆ. ನಗದು ಕೊಡದೆ ಖಾತೆಗೆ ಜಮಾ ಮಾಡಿದರೂ ಕಡಿತ ತಪ್ಪುವುದಿಲ್ಲ. ಲಾಭದ ಪಾಲಿಗೆ ಈ ಕಡಿತ ಇಲ್ಲ. ಸಂಬಳವನ್ನು ತಿಂಗಳಿಗೊಮ್ಮೆ ನಗದಾಗಿ ಕೊಟ್ಟು ಕಿರ್ದಿಯಲ್ಲಿ ‘ಹಿಂತೆಗೆತ’ ಎಂದು ಬರೆಯುವ ಅಂಗಡಿಗಳು ಇನ್ನು ಮುಂದೆ ಪ್ರತಿ ಮೊತ್ತದ ಮುಂದೆಯೂ ಅದು ಸಂಬಳವೋ ಹಿಂತೆಗೆತವೋ ಎಂದು ಅಂದೇ ಬರೆದಿಡಬೇಕು. ಹಾಗೆ ಮಾಡದಿದ್ದರೆ ಸಂಬಳವಾಗಿ ಕೊಟ್ಟ ಹಣಕ್ಕೂ ಹಿಂತೆಗೆತದ ಬಡ್ಡಿ ಬಿದ್ದು, ಇತ್ತ ಟಿಡಿಎಸ್ ಕೂಡ ಬಿಟ್ಟುಹೋಗುತ್ತದೆ.